ಹಜ್ಜ್ ಸುತ್ತೋಲೆ ಬಂದ ದಿನವೇ ಜಮಾಅತ್‌ಗೆ ತಲುಪಲಿ

ಹಜ್ಜ್‌ಗೆ ಅರ್ಜಿ ಹಾಕಿ, ಚೀಟಿ ಎತ್ತುವಾಗ ಹೆಸರು ಬಾರದೆ ವೇಟಿಂಗ್ ಲಿಸ್ಟ್‌ನಲ್ಲಿ ಉಳಿದ ಮನೆಯವರು ನಮ್ಮ ಜಮಾಅತ್‌ಗಳಲ್ಲಿ ಪ್ರತಿವರ್ಷವೂ ಇರುತ್ತಾರೆ. ಆಯ್ಕೆಯಾದವರಲ್ಲಿ ಕೆಲವರು ಹಿಂದೆ ಸರಿದಾಗ ಭಾರತೀಯ ಹಜ್ ಸಮಿತಿ ಒಂದು ಸುತ್ತೋಲೆ ಹೊರಡಿಸುತ್ತದೆ. ಯಾವ ರಾಜ್ಯದಲ್ಲಿ ವೇಟಿಂಗ್ ಲಿಸ್ಟ್‌ನ ಎಷ್ಟನೇ ನಂಬರಿನವರೆಗೆ ಅವಕಾಶ ಸಿಕ್ಕಿದೆ, ಹಣ ಕಟ್ಟಲು ಕೊನೆಯ ದಿನ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಆ ದಿನದೊಳಗೆ ಹಣ ಕಟ್ಟದಿದ್ದರೆ ಸೀಟು ಕೈತಪ್ಪಿ ಮುಂದಿನವರಿಗೆ ಹೋಗುತ್ತದೆ. ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರ್ ಅರ್ಜಿ ತುಂಬಿಸಿಕೊಟ್ಟವರದ್ದೋ ಗಲ್ಫ್‌ನಲ್ಲಿರುವ ಮಗನ ಹಳೆಯ ಸಿಮ್ಮೋ ಆಗಿದ್ದರೆ, ವಯಸ್ಸಾದ ತಂದೆ-ತಾಯಿಗೆ ವಿಷಯ ಗೊತ್ತಾಗುವಾಗ ದಿನ ಮೀರಿರುತ್ತದೆ.

ಸುತ್ತೋಲೆಗಳೇನೋ hajcommittee.gov.in ನಲ್ಲಿ ಎಲ್ಲರಿಗೂ ಕಾಣುವಂತೆಯೇ ಬರುತ್ತವೆ. ಆದರೆ ದಿನಾ ಆ ಪುಟ ತೆರೆದು ನೋಡುವವರು ಯಾರು? ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಪ್ರೋಗ್ರಾಮಿಂಗ್ ಕಲಿತಿರಬೇಕಾಗಿಲ್ಲ. ಪಿಯುಸಿ ಓದಿದ ಒಬ್ಬ ಹುಡುಗ ಅಥವಾ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಒಂದು ಸಂಜೆ ಕೂತರೆ ಸಾಕು.

ಇದರಲ್ಲಿ ಮೂರು ಕೊಂಡಿಗಳಿವೆ: ಪುಟವನ್ನು ನೋಡುತ್ತಿರುವ ಒಂದು ಸೇವೆ, ಸುದ್ದಿಯನ್ನು ದಾಟಿಸುವ ಇನ್ನೊಂದು, ಅದು ಬಂದು ಬೀಳುವ ಟೆಲಿಗ್ರಾಂ ಚಾನೆಲ್. ವಾಟ್ಸ್ಆ್ಯಪ್ ಯಾಕೆ ಬೇಡ ಅಂತ ಕೇಳಬಹುದು. ಮನೆಮನೆಯಲ್ಲೂ ಇರುವುದು ಅದೇ, ನಿಜ. ಆದರೆ ನಮ್ಮ ಸಾಮಾನ್ಯ ವಾಟ್ಸ್ಆ್ಯಪ್ ಗುಂಪಿಗೆ ಯಂತ್ರದಿಂದ ಸಂದೇಶ ಹಾಕಿಸಲು ಅಧಿಕೃತವಾದ ಸುಲಭ ದಾರಿಯಿಲ್ಲ. ಅನಧಿಕೃತ ಆ್ಯಪ್ ಬಳಸಿದರೆ ನಂಬರೇ ಬ್ಲಾಕ್ ಆಗಬಹುದು. ಹಾಗಾಗಿ ಟೆಲಿಗ್ರಾಂಗೆ ಬಂದದ್ದನ್ನು ಒಬ್ಬರು ಓದಿ, ಜಮಾಅತ್‌ನ ವಾಟ್ಸ್ಆ್ಯಪ್ ಗುಂಪಿಗೆ ಕೈಯಾರೆ ಕಳಿಸಬೇಕು.

ಮೊದಲು ಟೆಲಿಗ್ರಾಂನಲ್ಲಿ ಒಂದು ಪಬ್ಲಿಕ್ ಚಾನೆಲ್ ತೆರೆಯಿರಿ. ಆಮೇಲೆ @BotFather ಎಂದು ಹುಡುಕಿ, ಅಲ್ಲಿ /newbot ಎಂದು ಬರೆದು ಕಳಿಸಿ. ಅದು ಬಾಟ್‌ಗೆ ಹೆಸರು ಕೇಳುತ್ತದೆ. ಯೂಸರ್‌ನೇಮ್‌ನ ಕೊನೆಗೆ bot ಎಂಬ ಅಕ್ಷರಗಳು ಇರಲೇಬೇಕು. ಕೊನೆಗೆ ಟೋಕನ್ ಎಂಬ ಉದ್ದನೆಯ ಗುಟ್ಟಿನ ಸಾಲೊಂದು ಸಿಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವರು ಆ ಬಾಟ್ ಹೆಸರಲ್ಲಿ ಏನು ಬೇಕಾದರೂ ಹಾಕಬಹುದು, ಹಾಗಾಗಿ ಅದನ್ನು ಗುಂಪಿನಲ್ಲಿ ಹಂಚಬಾರದು. ಹೊರಗೆ ಹೋಯಿತು ಎಂದು ಸಂಶಯ ಬಂದರೆ @BotFather ಗೆ /revoke ಎಂದು ಕಳಿಸಿ ಹೊಸತು ಪಡೆಯಿರಿ. ಈ ಬಾಟನ್ನು ಚಾನೆಲ್‌ಗೆ ಅಡ್ಮಿನ್ ಮಾಡಿದರೆ ಮೊದಲ ಕೊಂಡಿ ಸಿದ್ಧ.

ಎರಡನೆಯದು ಪುಟ ನೋಡುವ ಸೇವೆ. FetchRSS ಮುಂತಾದ ಸೈಟ್‌ಗಳಿಗೆ ಸುತ್ತೋಲೆ ಪಟ್ಟಿಯಿರುವ ಪುಟದ ವಿಳಾಸ ಕೊಟ್ಟು, ಸುತ್ತೋಲೆಯ ಶೀರ್ಷಿಕೆ ಎಲ್ಲಿದೆ ಎಂದು ಮೌಸ್‌ನಿಂದ ತೋರಿಸಿದರೆ, ಹೊಸ ಸಾಲು ಸೇರಿದಾಗಲೆಲ್ಲ ತಿಳಿಸುವ ಆರ್‌ಎಸ್‌ಎಸ್ ಫೀಡ್‌ನ ವಿಳಾಸ ಸಿಗುತ್ತದೆ. ಮುನ್ನೋಟದಲ್ಲಿ ಸುತ್ತೋಲೆಗಳ ಹೆಸರೇ ಕಾಣಬೇಕು. ಮೆನುವಿನ Home, Contact Us ಕಂಡರೆ ತಪ್ಪು ಜಾಗ ತೋರಿಸಿದ್ದೀರಿ ಎಂದರ್ಥ. ನಿಮ್ಮ ಮೊಬೈಲ್‌ನಲ್ಲಿ ತೆರೆಯುವ ಪುಟ ಅಲ್ಲಿ ಖಾಲಿಯಾಗಿ ಕಂಡರೆ, ವಿದೇಶದ ಸರ್ವರ್‌ಗಳನ್ನು ಆ ಸೈಟ್ ತಡೆಯುತ್ತಿರಬಹುದು. ಸರ್ಕಾರಿ ಸೈಟ್‌ಗಳಲ್ಲಿ ಇದು ಅಪರೂಪವಲ್ಲ. ಆಗ ಮದ್ರಸದ ಅಥವಾ ಮಸೀದಿ ಕಚೇರಿಯ ಕಂಪ್ಯೂಟರಿನ ಬ್ರೌಸರ್‌ಗೆ Distill ಎಂಬ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬಹುದು. ಪುಟ ಬದಲಾದಾಗ ಅದು ಆ ಕಂಪ್ಯೂಟರಿನಲ್ಲೇ ಎಚ್ಚರಿಸುತ್ತದೆ. ಆದರೆ ಕಂಪ್ಯೂಟರ್ ಚಾಲೂ ಇರಬೇಕು.

ಮೂರನೆಯದು ಇವೆರಡನ್ನು ಜೋಡಿಸುವ ಕೆಲಸ. make.com ನಲ್ಲಿ ಖಾತೆ ತೆರೆದು ಹೊಸ ಸಿನಾರಿಯೋ ಶುರುಮಾಡಿ. ಮೊದಲ ವೃತ್ತದಲ್ಲಿ ಆರ್‌ಎಸ್‌ಎಸ್ ಆರಿಸಿ ಫೀಡ್ ವಿಳಾಸ ಹಾಕಿ. ಎಲ್ಲಿಂದ ಆರಂಭ ಎಂದು ಕೇಳಿದಾಗ From now on ಎಂದೇ ಒತ್ತಿ. ಇಲ್ಲದಿದ್ದರೆ ಹಳೆಯ ಸುತ್ತೋಲೆಗಳೆಲ್ಲ ಹೊಸ ಸುದ್ದಿಯ ಹಾಗೆ ಚಾನೆಲ್‌ಗೆ ಬಂದು ಬೀಳಬಹುದು. ಎರಡನೆಯ ವೃತ್ತದಲ್ಲಿ ಟೆಲಿಗ್ರಾಂ ಬಾಟ್ ಆರಿಸಿ, ಟೋಕನ್ ಕೊಟ್ಟು, Chat ID ಎಂಬಲ್ಲಿ ಚಾನೆಲ್‌ನ ಹೆಸರನ್ನು @ ಸೇರಿಸಿ ಬರೆಯಿರಿ. ಸಂದೇಶದ ಜಾಗದಲ್ಲಿ ಶೀರ್ಷಿಕೆ, ದಿನಾಂಕ ಮತ್ತು ಮೂಲದ ಲಿಂಕ್ ಮೂರೂ ಇರಲಿ.

ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಎಂಬಲ್ಲಿ ಸ್ವಲ್ಪ ಲೆಕ್ಕ ಬೇಕು. ಉಚಿತ ಖಾತೆಗೆ ತಿಂಗಳಿಗೆ 1,000 ಹೆಜ್ಜೆಗಳ ಮಿತಿಯಿದೆ. ಹೊಸತು ಏನೂ ಇಲ್ಲದಿದ್ದರೂ ಒಮ್ಮೆ ನೋಡಿದರೆ ಒಂದು ಹೆಜ್ಜೆ ಖರ್ಚು. 15 ನಿಮಿಷಕ್ಕೊಮ್ಮೆ ಎಂದಿಟ್ಟರೆ ದಿನಕ್ಕೆ 96 ಆಗಿ, ಹತ್ತು-ಹನ್ನೊಂದು ದಿನದಲ್ಲೇ ಮಿತಿ ಮುಗಿದು ಯಂತ್ರ ನಿಂತುಬಿಡುತ್ತದೆ. ಮೂರು ಗಂಟೆಗೊಮ್ಮೆ ಸಾಕು. ದಿನಕ್ಕೆ 8, ತಿಂಗಳಿಗೆ 240. ಉಳಿದದ್ದರಲ್ಲಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನದ ಪುಟವನ್ನೂ ನೋಡಿಸಬಹುದು.

ಎರಡು ವೃತ್ತಗಳ ನಡುವೆ ಫಿಲ್ಟರ್ ಇಟ್ಟು, ಶೀರ್ಷಿಕೆಯಲ್ಲಿ waiting list ಎಂದಿದ್ದರೆ ಮಾತ್ರ ಕಳಿಸು ಎನ್ನಲೂಬಹುದು. ಹಜ್ಜ್ ವಿಷಯದಲ್ಲಿ ಇದು ಬೇಡ ಎಂಬುದು ನಮ್ಮ ಅಭಿಪ್ರಾಯ. ಶೀರ್ಷಿಕೆಯಲ್ಲಿ ಬರೀ ಸುತ್ತೋಲೆಯ ನಂಬರಷ್ಟೇ ಇದ್ದು, ಮುಖ್ಯ ವಿಷಯ ಪಿಡಿಎಫ್‌ನ ಒಳಗಿದ್ದರೆ ಫಿಲ್ಟರ್ ಅದನ್ನು ಸದ್ದಿಲ್ಲದೆ ತಡೆದುಬಿಡುತ್ತದೆ. ನಾಲ್ಕು ಹೆಚ್ಚು ಸಂದೇಶ ಬಂದರೆ ತೊಂದರೆಯಿಲ್ಲ. ಬೇಕಾದ ಒಂದು ಬಾರದಿದ್ದರೆ ಒಂದು ಮನೆಯ ಹಜ್ಜ್ ತಪ್ಪಬಹುದು.

ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ ಮೌನ. ಚಾನೆಲ್‌ಗೆ ವಾರಗಟ್ಟಲೆ ಏನೂ ಬಾರದಿದ್ದರೆ ಹೊಸ ಸುತ್ತೋಲೆ ಇಲ್ಲ ಎಂದೂ ಆಗಬಹುದು, ಸೈಟಿನ ವಿನ್ಯಾಸ ಬದಲಾಗಿ ಫೀಡ್ ಸತ್ತಿದೆ ಎಂದೂ ಆಗಬಹುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರ. ಆದರೆ ಹಜ್ ಸಮಿತಿಯ ಸುತ್ತೋಲೆಗಳಿಗೆ ಕ್ರಮಸಂಖ್ಯೆ ಇರುತ್ತದೆ. ಚಾನೆಲ್‌ನಲ್ಲಿ 14 ಆದ ಮೇಲೆ ನೇರ 16 ಬಂದರೆ 15 ಎಲ್ಲಿ ಹೋಯಿತೆಂದು ಹುಡುಕಬೇಕು. ಪ್ರತಿ ಶುಕ್ರವಾರ ಜುಮಾಕ್ಕೆ ಮೊದಲು ಒಬ್ಬರು ಸೈಟನ್ನೇ ತೆರೆದು ಅಲ್ಲಿನ ಕೊನೆಯ ನಂಬರನ್ನೂ ಚಾನೆಲ್‌ನ ಕೊನೆಯ ನಂಬರನ್ನೂ ಹೋಲಿಸಲಿ. ಎರಡು ನಿಮಿಷದ ಕೆಲಸ. ನಂಬರ್ ಹೊಂದದಿದ್ದರೆ ಫೀಡನ್ನು ಹೊಸದಾಗಿ ಮಾಡಬೇಕು.

ಇನ್ನು ಫಾರ್ವರ್ಡ್ ಮಾಡುವವರ ಹೊಣೆ. ಹದೀಸ್ ಕಲಿಸುವಾಗ ನಾವು ಸನದ್ ಕೇಳುತ್ತೇವೆ: ಯಾರಿಂದ ಕೇಳಿದ್ದು, ಅವರು ಯಾರಿಂದ ಕೇಳಿದ್ದು ಅಂತ. ಸರ್ಕಾರಿ ಸುದ್ದಿಗೆ ಆ ಸನದ್ ಅಂದರೆ gov.in ನ ಲಿಂಕ್. ಕೊನೆಯ ದಿನ ವಿಸ್ತರಣೆಯಾಗಿದೆ ಎಂಬ ಲಿಂಕ್ ಇಲ್ಲದ ಮಾತನ್ನು ನಂಬಿ ಸುಮ್ಮನೆ ಕೂತವರು ಸೀಟು ಕಳೆದುಕೊಳ್ಳಬಹುದು. ಸುದ್ದಿ ಬಂದರೆ ಪರಿಶೀಲಿಸಿ ಎಂದು ಸೂರಾ ಹುಜುರಾತ್‌ನ ಆರನೇ ಆಯತ್ ಆಜ್ಞಾಪಿಸುತ್ತದೆ. ಆದ್ದರಿಂದ ಫಾರ್ವರ್ಡ್ ಮಾಡುವಾಗ ಲಿಂಕ್ ಅಳಿಸಬೇಡಿ. ಪಿಡಿಎಫ್ ತೆರೆದು ಕರ್ನಾಟಕದ ಸಾಲಿನಲ್ಲಿ ಯಾವ ನಂಬರಿದೆ, ಕೊನೆಯ ದಿನ ಯಾವುದು ಎಂದು ಓದಿ, ಎರಡು ಸಾಲು ಕನ್ನಡದಲ್ಲಿ ಬರೆದು ಕಳಿಸಿ.

ಕಳಿಸಿದ ಮೇಲೆ ಆ ಮನೆಗೊಂದು ಫೋನ್ ಮಾಡಿ. ಗುಂಪಿನ ಸಂದೇಶವನ್ನು ಎಲ್ಲ ಉಮ್ಮಂದಿರೂ ಓದುವುದಿಲ್ಲ. ಯಂತ್ರ ಸುದ್ದಿಯನ್ನು ಚಾನೆಲ್‌ವರೆಗೆ ತರುತ್ತದೆ, ಅಲ್ಲಿಂದ ಮನೆಬಾಗಿಲಿಗೆ ಮುಟ್ಟಿಸುವುದು ಜಮಾಅತ್‌ನ ಕೆಲಸ.