ಮೇಲೆ ಚಪ್ಪಲಿ, ಕೆಳಗೆ ಬೂಟು: ಎರಡು ಫೋಟೊಗಳಿಂದ ಒಂದು ಹೊಸ ಪಾದರಕ್ಷೆ

ಎರಡು ವಸ್ತುಗಳ ಫೋಟೊಗಳಿಂದ ಬೇಕಾದ ಭಾಗಗಳನ್ನು ತೆಗೆದು, ಇನ್ನೂ ಯಾರೂ ತಯಾರಿಸದ ಮೂರನೆಯ ವಸ್ತುವಿನ ಚಿತ್ರವನ್ನು ಕಟ್ಟುವುದಕ್ಕೆ ಮಿಶ್ರ ವಿನ್ಯಾಸದ ಕಲ್ಪನಾ ಚಿತ್ರ ಎನ್ನಬಹುದು. ಪಾದರಕ್ಷೆಯ ವಿನ್ಯಾಸಕಾರರು ಮಾದರಿ ಜೋಡಿಯನ್ನು ಹೊಲಿಸುವ ಮುನ್ನ ಇಂಥ ಚಿತ್ರವನ್ನು ಮುಂದಿಟ್ಟುಕೊಂಡು ಚರ್ಚಿಸುತ್ತಾರೆ. ಆಕಾರಗಳನ್ನು ಕತ್ತರಿಸಿ ಜೋಡಿಸುವುದು ಇದರಲ್ಲಿ ಸುಲಭದ ಭಾಗ. ಚಿತ್ರ ಅಂಟಿಸಿದಂತೆ ಕಾಣುವುದು ಹೆಚ್ಚಾಗಿ ವಸ್ತುಗುಣ ಹೊಂದದಿದ್ದಾಗ: ಒಂದೇ ತೊಗಲು ಎಂದು ಹೇಳಿದ ಎರಡು ಭಾಗಗಳು ಬೆಳಕನ್ನು ಎರಡು ಬಗೆಯಲ್ಲಿ ಹಿಡಿದರೆ, ಕಾರಣ ಹೊಳೆಯದಿದ್ದರೂ ಕಣ್ಣು ಅದನ್ನು ಒಪ್ಪುವುದಿಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಂಬಾಲಿಸಿದರೆ ಕೆಲಸದ ಕ್ರಮ ಸ್ಪಷ್ಟವಾಗುತ್ತದೆ. ಮೊದಲ ಫೋಟೊ ಅಥಣಿ ಕಡೆಯ ತೊಗಲಿನ ಚಪ್ಪಲಿಯದು. ಕಂದು ಬಣ್ಣ, ಅಗಲವಾದ ಪಟ್ಟಿ, ಹೆಬ್ಬೆರಳ ಉಂಗುಷ್ಟ, ಅಂಚಿನುದ್ದಕ್ಕೂ ಹೊಲಿಗೆ. ಎರಡನೆಯದು ಓಟದ ಬೂಟಿನದು. ದಪ್ಪ ಬಿಳಿ ಫೋಮಿನ ಅಟ್ಟೆ, ಹಿಮ್ಮಡಿಯನ್ನು ಸುತ್ತುವರಿದ ಬೂದು ಬಣ್ಣದ ಕೃತಕ ತೊಗಲಿನ ಆಸರೆ. ಹೊಸ ಪಾದರಕ್ಷೆಗೆ ಪಟ್ಟಿ ಮತ್ತು ಕಾಲೂರುವ ಹಾಸು ಚಪ್ಪಲಿಯಿಂದ ಬರಬೇಕು, ಅಟ್ಟೆ ಬೂಟಿನಿಂದ ಬರಬೇಕು. ಹಿಮ್ಮಡಿಯ ಆಸರೆಯ ಆಕಾರ ಬೂಟಿನದು, ಆದರೆ ಅದರ ತೊಗಲು ಚಪ್ಪಲಿಯದೇ ಆಗಿರಬೇಕು. ಯಾವ ಭಾಗದ ಆಕಾರ ಎಲ್ಲಿಂದ, ವಸ್ತು ಎಲ್ಲಿಂದ ಎಂಬುದನ್ನು ಹೀಗೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲಿ ಇರುವುದು ಎರಡೇ ಮುಖ್ಯ ವಸ್ತುಗಳು, ಕಂದು ತೊಗಲು ಮತ್ತು ಬಿಳಿ ಫೋಮ್.

ಫೋಟೊಗಳ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಕ್ಯಾಮೆರಾ ನಿಂತ ಜಾಗ. ಮೊಬೈಲನ್ನು ಅರ್ಧ ಮೀಟರು ದೂರದಲ್ಲಿ ಹಿಡಿದು ಓರೆಯಾಗಿ ತೆಗೆದರೆ ಹತ್ತಿರದ ತುದಿ ಉಬ್ಬಿ, ದೂರದ ತುದಿ ಕುಗ್ಗಿ ಕಾಣುತ್ತದೆ. ಎರಡು ಮೀಟರು ಹಿಂದೆ ಸರಿದು ಜೂಮ್ ಮಾಡಿ ತೆಗೆದರೆ ಈ ವ್ಯತ್ಯಾಸ ತೀರಾ ಕಡಿಮೆ. ಈ ಉಬ್ಬು ತಗ್ಗು ದೂರದಿಂದ ಬರುವಂಥದ್ದು, ಲೆನ್ಸಿನಿಂದಲ್ಲ. ಆದ್ದರಿಂದ ಎರಡು ಫೋಟೊಗಳಲ್ಲೂ ದೂರ ಮತ್ತು ಎತ್ತರ ಹೆಚ್ಚುಕಡಿಮೆ ಒಂದೇ ಇರಬೇಕು. ಓರೆ ನೋಟಕ್ಕಿಂತ ಹೊರಮಗ್ಗುಲಿನ ನೇರ ನೋಟ ಜೋಡಣೆಗೆ ಸುಲಭ.

ಎರಡನೆಯದು ಬೆಳಕಿನ ದಿಕ್ಕು. ಚಪ್ಪಲಿಯ ಫೋಟೊದಲ್ಲಿ ತುದಿ ಎಡಕ್ಕಿದೆ, ಕಿಟಕಿಯ ಬೆಳಕೂ ಎಡದಿಂದ ಬಿದ್ದಿದೆ. ಬೂಟಿನ ಫೋಟೊದಲ್ಲಿ ತುದಿಯೂ ಬೆಳಕೂ ಬಲಕ್ಕಿವೆ. ಚಪ್ಪಲಿಯ ಚಿತ್ರವನ್ನು ಕನ್ನಡಿಯಂತೆ ಮಗುಚಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಎಡಗಾಲಿನ ಚಪ್ಪಲಿ ಬಲಗಾಲಿನದಾಗುತ್ತದೆ, ಅಷ್ಟೆ. ತುದಿ ಒಂದೇ ಕಡೆಗಿದ್ದು ಬೆಳಕು ಮಾತ್ರ ವಿರುದ್ಧವಾಗಿದ್ದರೆ ಮಗುಚುವುದರಿಂದ ಪ್ರಯೋಜನವಿಲ್ಲ. ಆಗ ನೆರಳನ್ನು ಕೈಯಿಂದ ತಿದ್ದುತ್ತಾ ಕೂರುವುದಕ್ಕಿಂತ ಒಂದನ್ನು ಮತ್ತೆ ತೆಗೆಯುವುದೇ ಬೇಗ ಮುಗಿಯುವ ಕೆಲಸ.

ಮುಂದಿನದು ಅಳತೆ. ಬೂಟಿನ ನಿಜವಾದ ಉದ್ದ 300 ಮಿಲಿಮೀಟರು, ಚಿತ್ರದಲ್ಲಿ 3000 ಪಿಕ್ಸೆಲ್ ಎಂದುಕೊಂಡರೆ ಮಿಲಿಮೀಟರಿಗೆ 10 ಪಿಕ್ಸೆಲ್. ಚಪ್ಪಲಿ 280 ಮಿಲಿಮೀಟರು, ಚಿತ್ರದಲ್ಲಿ 1960 ಪಿಕ್ಸೆಲ್. ಅಂದರೆ ಮಿಲಿಮೀಟರಿಗೆ 7. ಚಪ್ಪಲಿಯನ್ನು ಹಿಗ್ಗಿಸಿ ಬೂಟಿಗೆ ಹೊಂದಿಸಿದರೆ ತೊಗಲಿನ ಸಣ್ಣ ಗೆರೆಗಳು ಮಸುಕಾಗುತ್ತವೆ. ಬದಲಿಗೆ ಬೂಟನ್ನು 2100 ಪಿಕ್ಸೆಲಿಗೆ ಕುಗ್ಗಿಸಬೇಕು. ಕುಗ್ಗಿಸಿದಾಗ ವಿವರ ಕಡಿಮೆಯಾದರೂ ಚಿತ್ರ ಚುರುಕಾಗಿಯೇ ಉಳಿಯುತ್ತದೆ. ಹಿಗ್ಗಿಸಿದಾಗ ಇಲ್ಲದ ವಿವರ ಹುಟ್ಟುವುದಿಲ್ಲ. ಈಗ ಎರಡರಲ್ಲೂ ಮಿಲಿಮೀಟರಿಗೆ 7 ಪಿಕ್ಸೆಲ್. ಫೋಮು ಹಾಸಿಗಿಂತ ಮುಂದೆ ಹಿಂದೆ 10 ಮಿಲಿಮೀಟರಿನಷ್ಟು ಹೊರಚಾಚುತ್ತದೆ. ಓಟದ ಬೂಟಿನ ಅಟ್ಟೆಗೆ ಅದು ಸಹಜ.

ಕತ್ತರಿಸುವ ಕೆಲಸವನ್ನು ಫೋಟೊಶಾಪ್ ಅಥವಾ ಉಚಿತವಾಗಿ ಸಿಗುವ ಗಿಂಪ್‌ನಂಥ ತಂತ್ರಾಂಶದಲ್ಲಿ ಮಾಡಬಹುದು. ಪ್ರತಿ ಭಾಗವನ್ನೂ ಬೇರೆ ಪದರದಲ್ಲಿಟ್ಟು, ಬೇಡದ್ದನ್ನು ಅಳಿಸುವ ಬದಲು ಮಾಸ್ಕ್ ಹಾಕಿ ಮರೆಮಾಡಿದರೆ ಅಂಚನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಕತ್ತರಿಸುವ ಗೆರೆ ನಿಜವಾದ ಹೊಲಿಗೆಯ ಅಥವಾ ವಸ್ತು ಮುಗಿಯುವ ಅಂಚಿನ ಮೇಲೆಯೇ ಸಾಗಬೇಕು. ತೊಗಲಿನ ನಡುವೆ ಎಲ್ಲೋ ಕತ್ತರಿಸಿ ಬೆಸೆದರೆ, ಆ ಬೆಸುಗೆಯನ್ನು ಮುಚ್ಚುವುದೇ ದೊಡ್ಡ ಕೆಲಸವಾಗುತ್ತದೆ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಚಪ್ಪಲಿಯ ಹಾಸು ಸಪಾಟು. ಓಟದ ಬೂಟಿನ ಅಟ್ಟೆಯಲ್ಲಿ ಹಿಮ್ಮಡಿಯ ಕಡೆ ಮುಂಗಾಲಿಗಿಂತ ಸುಮಾರು 10 ಮಿಲಿಮೀಟರು ಎತ್ತರ ಇರುವುದು ಸಾಮಾನ್ಯ. ನಮ್ಮ ಚಿತ್ರದಲ್ಲಿ ಅದು 70 ಪಿಕ್ಸೆಲ್. ಹಾಸನ್ನು ಪೂರ್ತಿಯಾಗಿ ಮೂರು ಡಿಗ್ರಿ ವಾಲಿಸಿದರೆ ಹಿಮ್ಮಡಿ ಕೂರುತ್ತದೆ, ಆದರೆ ತುದಿ ಫೋಮಿನೊಳಗೆ ಹೂತುಹೋಗುತ್ತದೆ. ಆದ್ದರಿಂದ ಮುಂಗಾಲಿನ ಭಾಗವನ್ನು ಇದ್ದ ಹಾಗೆಯೇ ಬಿಟ್ಟು, ಅಲ್ಲಿಂದ ಹಿಂದಕ್ಕೆ ಮಾತ್ರ ನಿಧಾನವಾಗಿ ಬಾಗಿಸಬೇಕು. ಬಾಗಿಸಿದ ಮೇಲೆ ಅಂಚಿನ ಹೊಲಿಗೆಗಳನ್ನು ಎಣಿಸಿ ನೋಡಬೇಕು: ಅವುಗಳ ನಡುವಿನ ಅಂತರ ಒಂದೆಡೆ ಹಿಗ್ಗಿ ಇನ್ನೊಂದೆಡೆ ಕುಗ್ಗಿದ್ದರೆ ತೊಗಲು ರಬ್ಬರಿನಂತೆ ಎಳೆದುಕೊಂಡಿದೆ ಎಂದರ್ಥ.

ಆಕಾರ ಕೂತ ಮೇಲೆ ವಸ್ತುವಿನ ಸರದಿ. ಬೂದು ಆಸರೆಗೆ ಕಂದು ಬಣ್ಣ ಬಳಿದರೆ ಅದು ಕಂದು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ವಸ್ತುವಿನ ಗುರುತಿಗೆ ಬಣ್ಣದ ಜೊತೆ ಇನ್ನೆರಡು ಸಂಗತಿಗಳು ಬೇಕು: ಹೊಳಪು ಎಷ್ಟು ಹರಡಿದೆ ಎಂಬುದು, ಮೇಲ್ಮೈಯ ಗೆರೆಗಳು ಎಷ್ಟು ದೊಡ್ಡವು ಎಂಬುದು. ತೊಗಟೆ, ಕಾಯಿಗಳ ರಸದಲ್ಲಿ ಹದ ಮಾಡಿದ ಚಪ್ಪಲಿಯ ತೊಗಲಿನ ಮೇಲೆ ಹೊಳಪು ಅಗಲವಾಗಿ, ಮಂದವಾಗಿ ಹರಡುತ್ತದೆ. ಮೇಲೆ ಪ್ಲಾಸ್ಟಿಕ್ ಲೇಪವಿರುವ ಕೃತಕ ತೊಗಲಿನಲ್ಲಿ ಅದೇ ಹೊಳಪು ಸಣ್ಣ ಬಿಳಿ ಪಟ್ಟೆಯಾಗಿ ನಿಲ್ಲುತ್ತದೆ.

ಆದ್ದರಿಂದ ಮೂರನ್ನೂ ಒಂದೊಂದಾಗಿ ಬದಲಿಸಬೇಕು. ಮೊದಲು ಆಸರೆಯ ಬಣ್ಣವನ್ನು ಪೂರ್ತಿ ತೆಗೆದರೆ ಬೆಳಕು ನೆರಳು ಮಾತ್ರ ಉಳಿಯುತ್ತದೆ. ಅದರ ಮೇಲೆ ಚಪ್ಪಲಿಯ ಕಂದನ್ನು Multiply ವಿಧಾನದಲ್ಲಿ ಹಾಕಬೇಕು. ಈ ವಿಧಾನ ಎರಡು ಪದರಗಳ ಬೆಲೆಗಳನ್ನು ಗುಣಿಸುತ್ತದೆ. ನೆರಳಿದ್ದಲ್ಲಿ ಕಂದು ಗಾಢವಾಗುತ್ತದೆ, ಬೆಳಕಿದ್ದಲ್ಲಿ ತಿಳಿಯಾಗಿರುತ್ತದೆ. ಗುಣಿಸಿದಾಗ ಚಿತ್ರ ಒಟ್ಟಾರೆ ಕಪ್ಪಾಗುವುದರಿಂದ ಕೆಳಗಿನ ಬೂದು ಪದರವನ್ನು ಮೊದಲೇ ತಿಳಿ ಮಾಡಿಕೊಳ್ಳಬೇಕು. ಎರಡನೆಯ ಹೆಜ್ಜೆಯಲ್ಲಿ ಬಿಳಿ ಪಟ್ಟೆಯನ್ನು ಅಳಿಸಿ, ಅದೇ ಜಾಗದಲ್ಲಿ ಅಗಲವಾದ ಮೃದು ಕುಂಚದಿಂದ ಮಂದ ಬೆಳಕನ್ನು ತರಬೇಕು. ಮೂರನೆಯದರಲ್ಲಿ ಚಪ್ಪಲಿಯ ಹಾಸಿನಿಂದ ತೊಗಲಿನ ಗೆರೆಗಳ ಒಂದು ತುಂಡನ್ನು ನಕಲು ಮಾಡಿ, ಗಾತ್ರ ಬದಲಿಸದೆ ಆಸರೆಯ ಡುಬ್ಬಿಗೆ ತಕ್ಕಂತೆ ಬಾಗಿಸಿ ಹಾಸಬೇಕು. ಅಂಚುಗಳಲ್ಲಿ ಕತ್ತರಿಸಿದ ತೊಗಲಿನ ದಪ್ಪ, ಗಾಢ ನಾರು ಕಾಣುವಂತೆ ಒಂದು ಗೆರೆ ಎಳೆದರೆ ಅದು ಚಪ್ಪಲಿಯ ಪಟ್ಟಿಗೆ ಸಂಬಂಧಿಯಾಗುತ್ತದೆ.

ಬೂಟು ಬೂದು ಅಥವಾ ಬಿಳಿ ಇರಬೇಕೆಂಬುದಕ್ಕೂ ಕಾರಣ ಇದರಲ್ಲೇ ಇದೆ. ಕಪ್ಪು ವಸ್ತುವಿನಲ್ಲಿ ಕಾಣುವುದು ಬಹುಪಾಲು ಹೊಳಪು ಮಾತ್ರ. ನೆರಳಿನ ಏರಿಳಿತ ಕಪ್ಪಿನಲ್ಲಿ ಮುಳುಗಿರುತ್ತದೆ. ಅದನ್ನು ತಿಳಿ ಬಣ್ಣಕ್ಕೆ ತಿರುಗಿಸಿದರೆ ಹೊಳಪೇ ನೆರಳಿನ ವೇಷದಲ್ಲಿ ಬಂದು, ಭಾಗ ಲೋಹದ ತಗಡಿನಂತೆ ಕಾಣುತ್ತದೆ.

ನಂತರ ಭಾಗಗಳು ಒಂದನ್ನೊಂದು ಮುಟ್ಟುವ ಜಾಗ. ಹಾಸು ಫೋಮಿನ ಮೇಲೆ ಕೂತಲ್ಲಿ ಒಂದೆರಡು ಮಿಲಿಮೀಟರಿನ, ಅಂದರೆ 7ರಿಂದ 14 ಪಿಕ್ಸೆಲಿನ ಗಾಢ ನೆರಳಿನ ಗೆರೆ ಬೇಕು. ಮುಟ್ಟುವ ಬಿಂದುವಿನಲ್ಲಿ ಚೂಪಾಗಿ, ಹೊರಕ್ಕೆ ಬಂದಂತೆ ಮಸುಕಾಗಬೇಕು. ಅದಿಲ್ಲದಿದ್ದರೆ ಚಪ್ಪಲಿ ಅಟ್ಟೆಯ ಮೇಲೆ ತೇಲುತ್ತದೆ. ಪಟ್ಟಿಯ ನೆರಳು ಹಾಸಿನ ಮೇಲೆ ಮೂಲ ಫೋಟೊದಲ್ಲೇ ಇದೆ. ಅದು ಫೋಮಿನ ಮೇಲೂ ಬೀಳುವಂತಿದ್ದರೆ ಹೊಸದಾಗಿ ಸೇರಿಸಬೇಕು. ನೆಲದ ನೆರಳು ಬೂಟಿನದು ಮಾತ್ರ ಉಳಿಯಬೇಕು. ಬಿಳಿ ಫೋಮು ಪಕ್ಕದ ಕಂದನ್ನು ಸ್ವಲ್ಪ ಪ್ರತಿಫಲಿಸುವುದರಿಂದ ಅಂಚಿನಲ್ಲಿ ತೆಳುವಾದ ಬೆಚ್ಚನೆಯ ಛಾಯೆಯೂ ಸಲ್ಲುತ್ತದೆ. ಕೊನೆಗೆ ಇಡೀ ಚಿತ್ರಕ್ಕೆ ಒಂದೇ ಸಮನಾದ ಸಣ್ಣ ಚುಕ್ಕಿಗಳ ಪದರ ಹಾಕಿದರೆ ಎರಡು ಕ್ಯಾಮೆರಾಗಳ ವ್ಯತ್ಯಾಸ ಅಡಗುತ್ತದೆ.

ಪರೀಕ್ಷೆಗೆ ಕಣ್ಣನ್ನು ಮಾತ್ರ ನಂಬಬಾರದು. ಬಣ್ಣ ಹೀರುವ ಉಪಕರಣದಿಂದ ಪಟ್ಟಿಯ ಬೆಳಕು ಬಿದ್ದ ಜಾಗವನ್ನು ಅಳೆದಾಗ ಕೆಂಪು, ಹಸಿರು, ನೀಲಿ ಬೆಲೆಗಳು 180, 122, 80 ಬಂದವು ಎನ್ನೋಣ. ಅಷ್ಟೇ ಬೆಳಕಿರುವ ಆಸರೆಯಲ್ಲಿ 180, 118, 104 ಬಂದರೆ ನೀಲಿ ಹೆಚ್ಚಾಗಿದೆ. ಅಲ್ಲಿ ಹಳೆಯ ಫೋಟೊದ ಬಣ್ಣ ಇನ್ನೂ ಉಳಿದಿದೆ. ಆಮೇಲೆ ಚಿತ್ರವನ್ನು ಕಪ್ಪುಬಿಳುಪಾಗಿಸಿ ನೋಡಬೇಕು. ಬಣ್ಣ ಹೋದಾಗ ಹೊಳಪಿನ ವ್ಯತ್ಯಾಸ ತಾನಾಗಿ ಎದ್ದುಬರುತ್ತದೆ.

ಈಗ ಎರಡು ಫೋಟೊ ಮತ್ತು ಒಂದು ಸೂಚನೆ ಕೊಟ್ಟರೆ ಕೃತಕ ಬುದ್ಧಿಮತ್ತೆಯ ಚಿತ್ರಸಾಧನಗಳು ಕ್ಷಣಗಳಲ್ಲಿ ಮಿಶ್ರ ಚಿತ್ರ ಕೊಡುತ್ತವೆ. ಅವು ಭಾಗಗಳನ್ನು ಕತ್ತರಿಸಿ ಅಂಟಿಸುವುದಿಲ್ಲ, ಇಡೀ ಚಿತ್ರವನ್ನು ಹೊಸದಾಗಿ ರಚಿಸುತ್ತವೆ. ಆದ್ದರಿಂದ ಬೆಳಕು ಸಾಮಾನ್ಯವಾಗಿ ಹೊಂದುತ್ತದೆ, ವಸ್ತುಗಳು ಜಾರುತ್ತವೆ: ತೊಗಲಿನ ಗೆರೆ ಫೋಮಿಗೆ ಹರಿಯಬಹುದು, ಹೊಲಿಗೆ ನಡುವೆಯೇ ನಿಲ್ಲಬಹುದು, ಉಂಗುಷ್ಟ ಪಟ್ಟಿಯೊಳಗೆ ಕರಗಬಹುದು. “ಎರಡನ್ನೂ ಸೇರಿಸು” ಎನ್ನುವ ಬದಲು ಯಾವ ಭಾಗದ ಆಕಾರ, ಯಾವ ಭಾಗದ ವಸ್ತು ಎಂದು ಬಿಡಿಸಿ ಹೇಳಿ, ತಪ್ಪಿದ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಮತ್ತೆ ರಚಿಸಿದರೆ ಫಲಿತಾಂಶ ಹಿಡಿತದಲ್ಲಿರುತ್ತದೆ.

ಎಷ್ಟೇ ನಂಬುವಂತಿದ್ದರೂ ಈ ಚಿತ್ರ ತಯಾರಿಕೆಯ ನಕ್ಷೆಯಲ್ಲ. ಹದ ಮಾಡಿದ ತೊಗಲು ಫೋಮಿಗೆ ಯಾವ ಅಂಟಿನಿಂದ ಹಿಡಿಯುತ್ತದೆ, ಹಿಮ್ಮಡಿಯ ಏರಿನಲ್ಲಿ ಗಟ್ಟಿ ಹಾಸು ಬಾಗುತ್ತದೆಯೇ, ಮಳೆ ನೀರಿಗೆ ಏನಾಗುತ್ತದೆ ಎಂಬುದನ್ನು ಮಾದರಿ ಜೋಡಿ ಮಾತ್ರ ಹೇಳಬಲ್ಲದು. ಬೂಟಿನ ಕಂಪನಿಯ ಗುರುತನ್ನು ಚಿತ್ರದಿಂದ ತೆಗೆಯಬೇಕು. ನೋಂದಾಯಿತ ವಿನ್ಯಾಸವಾದರೆ ಅದನ್ನು ಮಾರಾಟಕ್ಕೆ ಬಳಸಲು ಅನುಮತಿ ಬೇಕು. ಹೆಸರಿನಲ್ಲೂ ಎಚ್ಚರ ಬೇಕು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದ್ದು, ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. ಬೇರೆಡೆ ತಯಾರಾದ ಮಿಶ್ರ ಪಾದರಕ್ಷೆಗೆ ಆ ಹೆಸರು ಸಲ್ಲದು. ಚಿತ್ರದ ಕೆಳಗೆ “ಕಲ್ಪನಾ ಚಿತ್ರ” ಎಂದು ಬರೆದು, ಪಟ್ಟಿಯ ವಿನ್ಯಾಸ ಯಾವ ಪರಂಪರೆಯದು ಎಂಬುದನ್ನೂ ನಮೂದಿಸಿದರೆ ನೋಡುವವರಿಗೆ ಗೊಂದಲ ಉಳಿಯುವುದಿಲ್ಲ.