ಊರುಗಳನ್ನು ಒಳಗೊಳ್ಳುವ ಅತಿ ಚಿಕ್ಕ ವೃತ್ತ

ಸಮತಲದ ಮೇಲೆ ಕೆಲವು ಬಿಂದುಗಳಿವೆ. ಅವೆಲ್ಲವನ್ನೂ ಒಳಗೊಳ್ಳುವ ವೃತ್ತಗಳಲ್ಲಿ ಅತ್ಯಂತ ಚಿಕ್ಕದು ಯಾವುದು? ಈ ಪ್ರಶ್ನೆಯನ್ನು 1857ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಜೆ. ಜೆ. ಸಿಲ್ವೆಸ್ಟರ್ ಎತ್ತಿದನು. ಪ್ರಶ್ನೆ ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿಯುವಷ್ಟು ಸರಳವಾಗಿದೆ. ಆದರೆ ಬಿಂದುಗಳು ಸಾವಿರವಾದಾಗ ಉತ್ತರವನ್ನು ಬೇಗನೆ ಪಡೆಯುವ ಬಗೆ ಅಷ್ಟು ಸರಳವಲ್ಲ. 1991ರಲ್ಲಿ ಎಮೋ ವೆಲ್ಝಲ್ ಎಂಬ ವಿದ್ವಾಂಸರು ಪ್ರಕಟಿಸಿದ ವಿಧಾನವು ಈ ತೊಡಕನ್ನು ಒಂದು ವಿಚಿತ್ರ ಉಪಾಯದಿಂದ ಬಿಡಿಸುತ್ತದೆ: ಬಿಂದುಗಳ ಪಟ್ಟಿಯನ್ನು ಮೊದಲು ಚೀಟಿ ಕಲೆಸಿದಂತೆ ಕಲೆಸಿಬಿಡುವುದು. ಕಲೆಸುವುದರಿಂದ ಲೆಕ್ಕ ಏಕೆ ಹಗುರಾಗಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸರಾಸರಿಯ ಅನ್ಯಾಯ

ಹಾವೇರಿ ಜಿಲ್ಲೆಯ ನಾಲ್ಕು ಊರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಹಾನಗಲ್ಲನ್ನು ಮೂಲಬಿಂದುವೆಂದು ಇಟ್ಟುಕೊಂಡು, ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಸುಮಾರಾಗಿ ಪೂರ್ಣ ಕಿಲೋಮೀಟರುಗಳಲ್ಲಿ ಅಳೆದರೆ ಹಾನಗಲ್ಲ (0, 0), ಶಿಗ್ಗಾವಿ (11, 25), ಸವಣೂರು (23, 23), ಹಿರೇಕೆರೂರು (29, −34) ಎಂದಾಗುತ್ತವೆ. ಕೊನೆಯ ಊರಿನ ಋಣಚಿಹ್ನೆ ಅದು ದಕ್ಷಿಣದಲ್ಲಿದೆ ಎಂಬುದನ್ನು ಸೂಚಿಸುತ್ತದೆ.

ಈ ನಾಲ್ಕೂ ಊರುಗಳಿಗೆ ಸೇವೆ ಸಲ್ಲಿಸುವ ಒಂದು ಅಗ್ನಿಶಾಮಕ ಠಾಣೆಗೆ ಜಾಗ ಹುಡುಕಬೇಕಾಗಿದೆ ಎಂದು ಭಾವಿಸೋಣ. ಯಾರಿಗಾದರೂ ಮೊದಲು ಹೊಳೆಯುವುದು ಸರಾಸರಿ. ನಾಲ್ಕೂ ಊರುಗಳ ಸರಾಸರಿ ತೆಗೆದರೆ (15.75, 3.5) ಎಂಬ ಬಿಂದು ಸಿಗುತ್ತದೆ. ಅಲ್ಲಿಂದ ಹಾನಗಲ್ಲಿಗೆ 16, ಸವಣೂರಿಗೆ 21, ಶಿಗ್ಗಾವಿಗೆ 22 ಕಿ.ಮೀ.; ಆದರೆ ಹಿರೇಕೆರೂರಿಗೆ ಸುಮಾರು 40 ಕಿ.ಮೀ. ಉತ್ತರದಲ್ಲಿ ಗುಂಪಾಗಿರುವ ಮೂರು ಊರುಗಳು ಸರಾಸರಿಯನ್ನು ತಮ್ಮ ಕಡೆಗೆ ಎಳೆದುಕೊಂಡಿವೆ. ಒಂಟಿಯಾಗಿರುವ ಊರು ನಷ್ಟ ಅನುಭವಿಸುತ್ತದೆ. ಅತ್ಯಂತ ದೂರದ ಊರಿನ ದೂರವನ್ನೇ ಆದಷ್ಟು ಕಡಿಮೆ ಮಾಡಬೇಕೆಂದರೆ ಬೇಕಾದದ್ದು ಸರಾಸರಿಯಲ್ಲ, ಅತಿ ಚಿಕ್ಕ ಆವರಣವೃತ್ತದ ಕೇಂದ್ರ.

ಅಂಥ ವೃತ್ತವು ಯಾವಾಗಲೂ ಒಂದೇ ಒಂದು ಇರುತ್ತದೆ. ಅದನ್ನು ನಿರ್ಧರಿಸುವುದು ಎರಡು ಇಲ್ಲವೇ ಮೂರು ಬಿಂದುಗಳು ಮಾತ್ರ. ಎರಡಾದರೆ ಅವು ವ್ಯಾಸದ ಎರಡು ತುದಿಗಳು. ಮೂರಾದರೆ ಅವು ಪರಿಧಿಯ ಮೇಲೆ ಕುಳಿತ ಲಘುಕೋನ ತ್ರಿಭುಜದ ಶೃಂಗಗಳು. ಹಾಗಾದರೆ ಎಲ್ಲ ಜೋಡಿಗಳನ್ನೂ ಎಲ್ಲ ತ್ರಿವಳಿಗಳನ್ನೂ ಪರೀಕ್ಷಿಸಿ ನೋಡಬಹುದಲ್ಲ? ನಾಲ್ಕು ಊರುಗಳಿಗೆ ಅಂಥ ವೃತ್ತಗಳು ಹತ್ತೇ. ಆದರೆ ಸಾವಿರ ಹಳ್ಳಿಗಳಿಗೆ ತ್ರಿವಳಿಗಳೇ 16 ಕೋಟಿ 61 ಲಕ್ಷಕ್ಕಿಂತ ಹೆಚ್ಚು. ಒಂದೊಂದನ್ನೂ ಉಳಿದ ಹಳ್ಳಿಗಳಿಗೆ ಹೋಲಿಸುತ್ತ ಹೋಗುವುದು ಗಣಕಯಂತ್ರಕ್ಕೂ ಭಾರವೇ ಸರಿ.

ಒಂದೊಂದಾಗಿ ಸೇರಿಸುವ ಕ್ರಮ

ವೆಲ್ಝಲ್ಲರ ವಿಧಾನದಲ್ಲಿ ಬಿಂದುಗಳನ್ನು ಒಂದೊಂದಾಗಿ ಸೇರಿಸಲಾಗುತ್ತದೆ. ಹೊಸ ಬಿಂದು ಈಗಿರುವ ವೃತ್ತದ ಒಳಗೇ ಇದ್ದರೆ ಮಾಡಬೇಕಾದದ್ದು ಏನೂ ಇಲ್ಲ. ಹೊರಗಿದ್ದರೆ ಮಾತ್ರ ವೃತ್ತವನ್ನು ಹೊಸದಾಗಿ ರಚಿಸಬೇಕು. ಆಗ ಒಂದು ಬಲವಾದ ಸಂಗತಿ ನೆರವಿಗೆ ಬರುತ್ತದೆ: ಹೊರಗುಳಿದ ಆ ಬಿಂದುವು ಹೊಸ ವೃತ್ತದ ಪರಿಧಿಯ ಮೇಲೆಯೇ ಇರಲೇಬೇಕು.

ಇದಕ್ಕೆ ಕಾರಣ ಹೀಗಿದೆ. ಹೊಸ ಬಿಂದುವು ಹೊಸ ವೃತ್ತದ ಪರಿಧಿಯ ಮೇಲಿರದೆ ಒಳಗಡೆ ಇದೆಯೆಂದು ಊಹಿಸಿಕೊಳ್ಳಿರಿ. ಹಳೆಯ ಬಿಂದುಗಳೆಲ್ಲ ಹಳೆಯ ಮತ್ತು ಹೊಸ ವೃತ್ತಗಳೆರಡಕ್ಕೂ ಸಮಾನವಾದ, ಮಸೂರದಾಕಾರದ ಭಾಗದಲ್ಲಿಯೇ ಇವೆ. ಎರಡು ವೃತ್ತಗಳು ಪರಸ್ಪರ ಛೇದಿಸುವ ಎರಡು ಬಿಂದುಗಳನ್ನು ಕದಲಿಸದೆ, ಹೊಸ ವೃತ್ತವನ್ನು ಹಳೆಯ ವೃತ್ತದ ಕಡೆಗೆ ತುಸುವೇ ಸರಿಸಿದರೆ, ಆ ಮಸೂರಭಾಗ ಅದರೊಳಗೇ ಉಳಿಯುತ್ತದೆ, ತ್ರಿಜ್ಯ ಮಾತ್ರ ಕಿರಿದಾಗುತ್ತದೆ. ಸರಿಸಿದ್ದು ತುಸುವೇ ಆದ್ದರಿಂದ ಹೊಸ ಬಿಂದುವೂ ಹೊರಬೀಳುವುದಿಲ್ಲ. ಅಂದರೆ ಎಲ್ಲವನ್ನೂ ಒಳಗೊಳ್ಳುವ ಇನ್ನೂ ಚಿಕ್ಕ ವೃತ್ತ ಸಿಕ್ಕಿತು! ಇದು ಅಸಂಗತ. ಆದ್ದರಿಂದ ಊಹೆಯೇ ತಪ್ಪು.

ಹೀಗೆ ಪರಿಧಿಯ ಮೇಲೆ ಒಂದು ಬಿಂದು ನಿಶ್ಚಿತವಾದ ಮೇಲೆ ಹಿಂದಿನ ಬಿಂದುಗಳನ್ನು ಮೊದಲಿನಿಂದ ಮತ್ತೆ ಸೇರಿಸುತ್ತ ಬರಬೇಕು. ಆ ಸುತ್ತಿನಲ್ಲಿ ಇನ್ನೊಂದು ಬಿಂದು ಹೊರಗೆ ಬಿದ್ದರೆ ಅದೂ ಪರಿಧಿಗೆ ಸೇರುತ್ತದೆ. ಎರಡು ನಿಶ್ಚಿತವಾದ ಮೇಲೆ ನಡೆಯುವ ಒಳಸುತ್ತಿನಲ್ಲಿ ಮೂರನೆಯದು ಹೊರಬಿದ್ದರೆ, ಆ ಮೂರರ ಮೂಲಕ ಹಾಯುವ ವೃತ್ತವನ್ನು ಎಳೆಯಬೇಕು. ಮೂರು ಸುತ್ತುಗಳಿಗಿಂತ ಆಳಕ್ಕೆ ಇಳಿಯುವ ಪ್ರಸಂಗವೇ ಇಲ್ಲ.

ನಾಲ್ಕು ಊರುಗಳ ಲೆಕ್ಕ

ಚೀಟಿಗಳನ್ನು ಕಲೆಸಿದಾಗ ಹಾನಗಲ್ಲ, ಹಿರೇಕೆರೂರು, ಸವಣೂರು, ಶಿಗ್ಗಾವಿ ಎಂಬ ಕ್ರಮ ಬಂದಿತೆನ್ನೋಣ. ಮೊದಲ ಎರಡನ್ನು ವ್ಯಾಸದ ತುದಿಗಳಾಗಿ ಇಟ್ಟುಕೊಂಡರೆ ಕೇಂದ್ರ (14.5, −17), ತ್ರಿಜ್ಯ 22.3. ಸವಣೂರು ಈ ಕೇಂದ್ರದಿಂದ 40.9 ಕಿ.ಮೀ. ದೂರದಲ್ಲಿದೆ, ಹೊರಗಾಯಿತು.

ಸವಣೂರನ್ನು ಪರಿಧಿಯ ಮೇಲಿಟ್ಟು ಮೊದಲಿನಿಂದ ಬರಬೇಕು. ಸವಣೂರು-ಹಾನಗಲ್ಲ ವ್ಯಾಸದ ವೃತ್ತದ ತ್ರಿಜ್ಯ 16.3, ಹಿರೇಕೆರೂರು ಅದರಿಂದ ಬಹಳ ಹೊರಗಿದೆ. ಆದ್ದರಿಂದ ಸವಣೂರು-ಹಿರೇಕೆರೂರು ವ್ಯಾಸವನ್ನು ತೆಗೆದುಕೊಂಡರೆ ಕೇಂದ್ರ (26, −5.5), ತ್ರಿಜ್ಯ 28.7. ಹಾನಗಲ್ಲ 26.6ರಲ್ಲಿ ಒಳಗೇ ಇದೆ. ಮೂರು ಊರುಗಳ ವೃತ್ತ ಸಿದ್ಧವಾಯಿತು.

ಇನ್ನು ಶಿಗ್ಗಾವಿ. ಕೇಂದ್ರದಿಂದ ಅದರ ದೂರ 34, ಅದೂ ಹೊರಗೆ. ಶಿಗ್ಗಾವಿ-ಹಾನಗಲ್ಲ ವ್ಯಾಸದ ವೃತ್ತದ ತ್ರಿಜ್ಯ 13.7 ಮಾತ್ರ, ಹಿರೇಕೆರೂರು ಅದಕ್ಕೆ ಎಟುಕದು. ಶಿಗ್ಗಾವಿ-ಹಿರೇಕೆರೂರು ವ್ಯಾಸಕ್ಕೆ ಕೇಂದ್ರ (20, −4.5), ತ್ರಿಜ್ಯ 30.8. ಹಾನಗಲ್ಲ 20.5ರಲ್ಲಿ, ಸವಣೂರು 27.7ರಲ್ಲಿ ಒಳಗೇ ಉಳಿಯುತ್ತವೆ. ಕೆಲಸ ಮುಗಿಯಿತು. ಸರಾಸರಿಯಿಂದ ಹಿರೇಕೆರೂರಿಗೆ 40 ಕಿ.ಮೀ. ಇದ್ದ ದೂರ ಇಲ್ಲಿ 31ರ ಒಳಗೆ ಬಂದಿದೆ.

ಐದನೆಯದಾಗಿ ರಾಣೆಬೆನ್ನೂರನ್ನು (54, −16) ಸೇರಿಸಿದರೆ ಏನಾಗುವುದು? ಅದು ಕೇಂದ್ರದಿಂದ 35.9ರಲ್ಲಿದ್ದು ಹೊರಗೆ ಬೀಳುತ್ತದೆ. ಅದನ್ನು ಪರಿಧಿಯ ಮೇಲಿಟ್ಟು ಒಳಸುತ್ತುಗಳನ್ನು ಮುಗಿಸಿದಾಗ ಶಿಗ್ಗಾವಿ, ಹಿರೇಕೆರೂರು, ರಾಣೆಬೆನ್ನೂರು ಈ ಮೂರರ ಮೂಲಕ ಹಾಯುವ ವೃತ್ತ ಉಳಿಯುತ್ತದೆ. ಅದರ ಕೇಂದ್ರ ಸುಮಾರು (25.5, −2.8), ತ್ರಿಜ್ಯ 31.4. ಕೇಂದ್ರ ಪೂರ್ವಕ್ಕೆ ಐದಾರು ಕಿ.ಮೀ. ಸರಿದರೂ ತ್ರಿಜ್ಯ ಹೆಚ್ಚಿದ್ದು ಅರ್ಧ ಕಿ.ಮೀ.ಗಿಂತ ತುಸು ಮಾತ್ರ.

ಕಲೆಸುವುದರ ಫಲ

ಈ ಉದಾಹರಣೆಯಲ್ಲಿ ಮೂರನೆಯ, ನಾಲ್ಕನೆಯ, ಐದನೆಯ ಊರುಗಳೆಲ್ಲವೂ ಹೊರಗೆ ಬಿದ್ದವು. ಪ್ರತಿ ಸಲವೂ ಹೀಗೆಯೇ ಆದರೆ ವಿಧಾನದ ಲಾಭವೇನು? ರಸ್ತೆಯೊಂದರ ಉದ್ದಕ್ಕೂ ಇರುವ ಸಾವಿರ ಹಳ್ಳಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಬರೆದುಕೊಂಡರೆ ನಿಜವಾಗಿಯೂ ಹಾಗೆಯೇ ಆಗುತ್ತದೆ. ಪ್ರತಿಯೊಂದು ಹೊಸ ಹಳ್ಳಿಯೂ ಹೊರಗೆ ಬಿದ್ದು, ಹಿಂದಿನವನ್ನೆಲ್ಲ ಮತ್ತೆ ನೋಡಬೇಕಾಗಿ, ಪರೀಕ್ಷೆಗಳು ಸುಮಾರು ಐದು ಲಕ್ಷಕ್ಕೆ ಏರುತ್ತವೆ. ದಫ್ತರದ ಪಟ್ಟಿಗಳು ಇಂಥ ಕ್ರಮದಲ್ಲಿಯೇ ಇರುವುದು ವಾಡಿಕೆ.

ಪಟ್ಟಿಯನ್ನು ಕಲೆಸಿದರೆ ಚಿತ್ರವೇ ಬದಲಾಗುತ್ತದೆ. ಇದನ್ನು ಕಾಣಲು ಹಿಂದಕ್ಕೆ ನೋಡಬೇಕು. ನೂರು ಹಳ್ಳಿಗಳನ್ನು ಸೇರಿಸಿ ಆಗಿದೆ. ಅವುಗಳ ವೃತ್ತವನ್ನು ಹೆಚ್ಚೆಂದರೆ ಮೂರು ಹಳ್ಳಿಗಳು ನಿರ್ಧರಿಸಿವೆ. ಕೊನೆಯಲ್ಲಿ ಬಂದ ಹಳ್ಳಿ ಆ ಮೂರರಲ್ಲಿ ಒಂದಾಗಿದ್ದರೆ ಮಾತ್ರ ಅದು ಬಂದಾಗ ವೃತ್ತ ಬದಲಾಗಿರಬೇಕು. ಕಲೆಸಿದ ಪಟ್ಟಿಯಲ್ಲಿ ನೂರರಲ್ಲಿ ಯಾವುದೂ ಕೊನೆಯದಾಗಿರುವ ಸಂಭವ ಸಮಾನ. ಆದ್ದರಿಂದ ಬದಲಾವಣೆಯ ಸಂಭವ ನೂರಕ್ಕೆ ಮೂರನ್ನು ಮೀರದು. ಸಾವಿರನೆಯ ಹಳ್ಳಿಗೆ ಅದು ಸಾವಿರಕ್ಕೆ ಮೂರು. ಹೊಸ ರಚನೆಯ ಶ್ರಮ ಪಟ್ಟಿಯೊಂದಿಗೆ ಬೆಳೆಯುತ್ತದೆ; ಅದರ ಸಂಭವ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಒಂದನ್ನೊಂದು ಸರಿದೂಗಿಸಿ, ಒಂದೊಂದು ಹಳ್ಳಿಗೆ ಸರಾಸರಿ ಹತ್ತು ಪರೀಕ್ಷೆಗಳಷ್ಟೇ ಬೀಳುತ್ತವೆ. ಸಾವಿರ ಹಳ್ಳಿಗಳಿಗೆ ಸುಮಾರು ಹತ್ತು ಸಾವಿರ. ಹೊರಸುತ್ತಿನಲ್ಲಿ ವೃತ್ತ ಬದಲಾಗುವುದು ಸರಾಸರಿ ಹದಿನೆಂಟು ಸಲಕ್ಕಿಂತ ಹೆಚ್ಚಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಬೇಕು. ಅದೃಷ್ಟಕ್ಕೆ ಬಿಟ್ಟಿರುವುದು ಕಾಲವನ್ನು ಮಾತ್ರ, ಉತ್ತರವನ್ನಲ್ಲ. ಚೀಟಿಗಳು ಹೇಗೆ ಬಂದರೂ ಸಿಗುವ ವೃತ್ತ ಅದೇ. ಊರುಗಳು ಹೇಗೆ ಹರಡಿರಬೇಕೆಂಬ ನಿಬಂಧನೆಯೂ ಇಲ್ಲ. ಕಲೆಸುವಿಕೆ ಪ್ರಾಮಾಣಿಕವಾಗಿದ್ದರೆ ಸಾಕು. ಕಾಲದ ದೃಷ್ಟಿಯಿಂದ ಇದೇ ಪ್ರಮಾಣದ, ಅದೃಷ್ಟವನ್ನು ನೆಚ್ಚದ ಒಂದು ವಿಧಾನವನ್ನು ನಿಮ್ರೋಡ್ ಮೆಗಿಡ್ಡೊ 1983ರಲ್ಲಿಯೇ ನೀಡಿದ್ದರು. ಆದರೆ ಅದನ್ನು ಬರೆದು ನಡೆಸುವುದು ಇದಕ್ಕಿಂತ ಬಹಳ ಕಠಿಣ.

ಎಚ್ಚರದ ಮಾತುಗಳು

ನಕಾಶೆಯಿಂದ ಅಕ್ಷಾಂಶ, ರೇಖಾಂಶಗಳನ್ನು ತೆಗೆದುಕೊಂಡರೆ ಅವನ್ನು ಹಾಗೆಯೇ ಬಳಸಬಾರದು. ಈ ಭಾಗದಲ್ಲಿ ಒಂದು ಅಂಶ ಅಕ್ಷಾಂಶಕ್ಕೆ ಸುಮಾರು 110.6 ಕಿ.ಮೀ., ರೇಖಾಂಶಕ್ಕೆ ಸುಮಾರು 107.7 ಕಿ.ಮೀ. ಮೂರು ಊರುಗಳು ಒಂದೇ ಸರಳರೇಖೆಯಲ್ಲಿ ಬಂದರೆ ಅವುಗಳ ಮೂಲಕ ವೃತ್ತವೇ ಹಾಯುವುದಿಲ್ಲ. ಬಹುತೇಕ ರೇಖೆಯಲ್ಲಿದ್ದರೆ ದಶಾಂಶಗಳನ್ನು ಕತ್ತರಿಸಿದ್ದರಿಂದಾಗುವ ಅಲ್ಪದೋಷವೇ ಕೇಂದ್ರವನ್ನು ದೂರ ಒಯ್ಯಬಲ್ಲದು. ಪರಿಧಿಯ ಮೇಲೆಯೇ ಇರುವ ಊರು ಅದೇ ದೋಷದಿಂದ ಹೊರಗಿದೆ ಎಂದು ತೋರಬಹುದಾದ್ದರಿಂದ ಹೋಲಿಕೆಯಲ್ಲಿ ಕೂದಲೆಳೆಯಷ್ಟು ಸಡಿಲ ಕೊಡುವುದು ರೂಢಿ.

ಉತ್ತರವು ಎರಡು ಮೂರು ಊರುಗಳನ್ನೇ ನೆಚ್ಚಿರುವುದರಿಂದ, ತಪ್ಪಾಗಿ ಬರೆದ ಒಂದೇ ಒಂದು ಅಂಕಿ ಇಡೀ ವೃತ್ತವನ್ನು ಕೆಡಿಸುತ್ತದೆ. ವೃತ್ತವನ್ನು ನಿರ್ಧರಿಸಿದ ಊರುಗಳ ಅಂಕಿಗಳನ್ನು ಮತ್ತೊಮ್ಮೆ ನೋಡುವುದು ಆದ್ದರಿಂದ ಅವಶ್ಯ. ಇದಲ್ಲದೆ ಈ ದೂರಗಳೆಲ್ಲ ನೇರ ದೂರಗಳು; ವರದಾ ನದಿಯ ಸೇತುವೆ ಎಲ್ಲಿದೆ, ರಸ್ತೆ ಎಲ್ಲಿ ಬಳಸುತ್ತದೆ ಎಂಬುದು ವೃತ್ತಕ್ಕೆ ತಿಳಿಯದು. ರೇಡಿಯೋ ಗೋಪುರಕ್ಕೆ ಈ ಲೆಕ್ಕ ಸಾಕಾದೀತು. ಅಗ್ನಿಶಾಮಕ ವಾಹನಕ್ಕೆ ಇದು ಹುಡುಕಾಟದ ಆರಂಭ ಮಾತ್ರ.

ಬಂದ ಉತ್ತರ ಸರಿಯೇ ಎಂದು ನೋಡಲು ಇಡೀ ಲೆಕ್ಕವನ್ನು ಮತ್ತೆ ಮಾಡಬೇಕಾಗಿಲ್ಲ. ಎಲ್ಲ ಊರುಗಳೂ ವೃತ್ತದ ಒಳಗಿವೆಯೇ ಎಂಬುದು ಒಂದು ಪರೀಕ್ಷೆ. ಪರಿಧಿಯ ಮೇಲಿನ ಊರುಗಳು ವ್ಯಾಸದ ಎರಡು ತುದಿಗಳಾಗಿವೆಯೇ, ಇಲ್ಲವೇ ವಿಶಾಲಕೋನವಿಲ್ಲದ ತ್ರಿಭುಜವಾಗಿವೆಯೇ ಎಂಬುದು ಇನ್ನೊಂದು. ಮೇಲಿನ ಐದು ಊರುಗಳ ಉದಾಹರಣೆಯಲ್ಲಿ ಶಿಗ್ಗಾವಿ-ಹಿರೇಕೆರೂರು ಭುಜ 61.7, ಶಿಗ್ಗಾವಿ-ರಾಣೆಬೆನ್ನೂರು 59.4, ಹಿರೇಕೆರೂರು-ರಾಣೆಬೆನ್ನೂರು 30.8 ಕಿ.ಮೀ. ಅತಿ ದೊಡ್ಡ ಭುಜದ ವರ್ಗ 3805. ಉಳಿದೆರಡರ ವರ್ಗಗಳ ಮೊತ್ತ 4479. ದೊಡ್ಡ ಭುಜದ ವರ್ಗವೇ ಕಡಿಮೆಯಾದ್ದರಿಂದ ತ್ರಿಭುಜ ಲಘುಕೋನದ್ದು. ಈ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದ ವೃತ್ತಕ್ಕಿಂತ ಚಿಕ್ಕದಾದ ಆವರಣವೃತ್ತ ಇರಲಾರದು.