ನಡುವಿಗೆ ಬೆಲ್ಟು, ಬಾರಿಗೆ ಬರಿಗೈ

ನಮ್ಮ ಜಿಮ್ಮಿಗೆ ಬರುವ ಹುಡುಗನೊಬ್ಬ ಬಾಗಿಲು ದಾಟಿದ ಕೂಡಲೇ ಮಾಡುವ ಮೊದಲ ಕೆಲಸ ನಡುವಿಗೆ ಬೆಲ್ಟು ಬಿಗಿಯುವುದು. ಟ್ರೆಡ್‌ಮಿಲ್ ಮೇಲೆ ನಡೆಯುವಾಗಲೂ ಅದು ಇರುತ್ತದೆ, 10 ಕೆಜಿ ಡಂಬೆಲ್ ಹಿಡಿದು ತೋಳು ಮಡಚುವಾಗಲೂ ಇರುತ್ತದೆ, ಬಾಟಲಿಗೆ ನೀರು ತುಂಬಿಸಿಕೊಳ್ಳಲು ಹೋದಾಗಲೂ ಇರುತ್ತದೆ. ಒಂದು ದಿನ ಬಿಚ್ಚಿಟ್ಟು ಮಾಡಿ ನೋಡೋ ಅಂದೆ. “ಬೇಡಣ್ಣ, ಬೆಲ್ಟ್ ಇಲ್ಲಾಂದ್ರೆ ಸೊಂಟ ಹಿಡ್ಕೊಳ್ಳುತ್ತೆ ಅಂತ ಭಯ” ಅಂದ. ಅವನು ಆಗ ಸ್ಕ್ವಾಟ್‌ನಲ್ಲಿ ಹೊರುತ್ತಿದ್ದ ಭಾರ 50 ಕೆಜಿ. ಸಿಮೆಂಟು ಮೂಟೆಯ ತೂಕ.

ಮುರಿದ ಕೈಗೆ ಹಾಕಿದ ಕಟ್ಟಿನ ಹಾಗೆ ಬೆಲ್ಟು ಬೆನ್ನನ್ನು ಹೊರಗಿನಿಂದ ಹಿಡಿದು ನಿಲ್ಲಿಸುತ್ತದೆ ಎಂದು ಅವನು ನಂಬಿದ್ದ. ಅಂಗಡಿಗಳಲ್ಲಿ ಸಿಗುವ ಬೆಲ್ಟುಗಳೂ ಈ ನಂಬಿಕೆಗೆ ನೀರೆರೆಯುತ್ತವೆ. ಬೆನ್ನ ಕಡೆ ಅಗಲ, ಹೊಟ್ಟೆಯ ಕಡೆ ಎರಡು ಬೆರಳಿನಷ್ಟು ಸಪೂರ. ಆದರೆ ಬೆಲ್ಟಿನ ಮುಖ್ಯ ಕೆಲಸ ನಡೆಯುವುದು ಹೊಟ್ಟೆಯ ಕಡೆ. ಭಾರ ಎತ್ತುವುದನ್ನೇ ಪಂದ್ಯವಾಗಿ ಆಡುವ ಪವರ್‌ಲಿಫ್ಟಿಂಗ್‌ನವರು ಕಟ್ಟುವ ಬೆಲ್ಟು ನೋಡಿ, ಸುತ್ತಲೂ ಒಂದೇ ಅಗಲ. ಅಂತರರಾಷ್ಟ್ರೀಯ ನಿಯಮ ಅದಕ್ಕೆ ಗರಿಷ್ಠ 10 ಸೆಂಟಿಮೀಟರ್ ಅಗಲ, 13 ಮಿಲಿಮೀಟರ್ ದಪ್ಪ ಎಂದು ಮಿತಿ ಹಾಕಿದೆ.

ಸೈಕಲ್ ಚಕ್ರವನ್ನು ನೆನಪಿಸಿಕೊಳ್ಳಿ. ಗಾಳಿ ತುಂಬಿದ ಟ್ಯೂಬು ಒಂದೇ ಇದ್ದರೆ ಒತ್ತಿದ ಕಡೆ ತಗ್ಗಿ ಇನ್ನೊಂದು ಕಡೆ ಉಬ್ಬುತ್ತದೆ. ಮೇಲೆ ಟೈರು ಕೂತರೆ ಅದೇ ಗಾಳಿ ಸವಾರನ ಭಾರ ಹೊರುತ್ತದೆ. ಭಾರ ಎತ್ತುವ ಮೊದಲು ನಾವು ಉಸಿರನ್ನು ಆಳಕ್ಕೆ ಎಳೆದು ಕಟ್ಟಿದಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಕೆಳಕ್ಕೆ ಇಳಿಯುತ್ತದೆ, ಹೊಟ್ಟೆಯ ಸುತ್ತಲ ಸ್ನಾಯುಗಳು ಬಿಗಿಯುತ್ತವೆ, ಒಳಗೆ ಒತ್ತಡ ಏರುತ್ತದೆ. ಆ ಒತ್ತಡ ಬೆನ್ನುಮೂಳೆಗೆ ಮುಂದಿನಿಂದ ಆಸರೆಯಾಗುತ್ತದೆ. ಬೆಲ್ಟು ಇಲ್ಲಿ ಟೈರು. ಹೊಟ್ಟೆ ಹೊರಕ್ಕೆ ಒತ್ತಲು ಅದೊಂದು ಗಟ್ಟಿ ಗೋಡೆ ಕೊಡುತ್ತದೆ, ಹಾಗಾಗಿ ಒಳಗಿನ ಒತ್ತಡ ಇನ್ನಷ್ಟು ಏರುತ್ತದೆ. ಉಸಿರು ತುಂಬಿ ಒತ್ತಲು ಬಾರದವನು ಬೆಲ್ಟು ಕಟ್ಟಿದರೆ ಟ್ಯೂಬಿಲ್ಲದ ಟೈರಿನ ಮೇಲೆ ಸವಾರಿ ಹೊರಟ ಹಾಗೆ.

ನಮ್ಮ ಹುಡುಗನ ವಿಷಯದಲ್ಲಿ ಆಗಿದ್ದೂ ಇದೇ. ಅವನು ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು ಬೆಲ್ಟನ್ನು ಕೊನೆಯ ತೂತಿಗೆ ಬಿಗಿಯುತ್ತಿದ್ದ. ಉಸಿರಿಗೆ ಜಾಗವೇ ಇರಲಿಲ್ಲ, ಎದೆ ಮಾತ್ರ ಮೇಲೇರುತ್ತಿತ್ತು. ಮೊದಲ ಎರಡು ವಾರ ಬೆಲ್ಟು ತೆಗೆಸಿದೆ. ಎರಡೂ ಕೈಯ ಬೆರಳುಗಳನ್ನು ಪಕ್ಕೆಲುಬಿನ ಕೆಳಗೆ, ಸೊಂಟದ ಮೂಳೆಯ ಮೇಲೆ ಊರಿ ಉಸಿರೆಳೆದುಕೊಳ್ಳಲು ಹೇಳಿದೆ. ಬೆರಳುಗಳು ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ಹಿಂದಕ್ಕೂ ದೂಡಲ್ಪಡಬೇಕು. ಅದು ಬಂದ ಮೇಲೆ ಬೆಲ್ಟು ವಾಪಸ್ ಬಂತು, ಒಂದು ತೂತು ಸಡಿಲವಾಗಿ. ಮಾಮೂಲಿಯಾಗಿ ನಿಂತಾಗ ಬೆಲ್ಟಿನೊಳಗೆ ಒಂದು ಬೆರಳು ತೂರಬೇಕು, ಉಸಿರು ತುಂಬಿ ಒತ್ತಿದಾಗ ತೂರಬಾರದು. ಬಿಗಿ ಸರಿಯಿದೆಯೇ ಎಂದು ನಾನು ನೋಡುವುದು ಹೀಗೆ.

ಬಳಸುವುದು ಯಾವಾಗ? ಒಬ್ಬನ ಕೈಲಿ ಒಂದೇ ಒಂದು ಸಲ 100 ಕೆಜಿ ಸ್ಕ್ವಾಟ್ ಆಗುತ್ತದೆ ಎಂದುಕೊಳ್ಳಿ. 40, 60, 70ರ ಸೆಟ್ಟುಗಳು ಬೆಲ್ಟಿಲ್ಲದೆ ಆಗಲಿ. 80 ದಾಟಿದ ಮೇಲೆ ಕಟ್ಟಲಿ, ಸೆಟ್ ಮುಗಿದ ಕೂಡಲೇ ಬಿಚ್ಚಲಿ. ಬೆಲ್ಟು ಹಾಕಿದರೆ ಹೊಟ್ಟೆಯ ಸ್ನಾಯುಗಳು ನಿದ್ದೆ ಹೋಗುತ್ತವೆ ಎಂದು ಹೆದರಿಸುವವರೂ ಇದ್ದಾರೆ. ಅದೂ ಅತಿಯೇ. ಬೆಲ್ಟಿಗೆ ಎದುರಾಗಿ ಒತ್ತುವವನ ಹೊಟ್ಟೆ ಚೆನ್ನಾಗಿಯೇ ದುಡಿಯುತ್ತದೆ. ಊರುಗೋಲಾಯಿತೇ ಎಂದು ತಿಳಿಯಲು ಬಿಚ್ಚಿ ನೋಡಬೇಕು. ನಾನು ಕಂಡವರಲ್ಲಿ ಚೆನ್ನಾಗಿ ಕಲಿತವರಿಗೆ ಬೆಲ್ಟಿಲ್ಲದಿದ್ದರೆ 100ರಲ್ಲಿ ಐದೋ ಹತ್ತೋ ಕೆಜಿ ಕಡಿಮೆಯಾಗುತ್ತದೆ. 30 ಕೆಜಿ ಕಡಿಮೆಯಾದರೆ, ಅಥವಾ 50 ಕೆಜಿಗೂ ಕೈಕಾಲು ನಡುಗಿದರೆ, ಅವನು ಕಲಿತದ್ದು ಬೆಲ್ಟನ್ನು, ಸ್ಕ್ವಾಟನ್ನಲ್ಲ.

ಬೆಲ್ಟು ಕಟ್ಟಿದ ಮಾತ್ರಕ್ಕೆ ಬೆನ್ನು ಉಳಿಯುವುದಿಲ್ಲ ಎಂಬುದಕ್ಕೆ ಜಿಮ್ಮಿನ ಹೊರಗಿನ ಸಾಕ್ಷಿಯೂ ಇದೆ. ಅಮೆರಿಕದಲ್ಲಿ ಗೋದಾಮು, ಅಂಗಡಿಗಳ ಕೆಲಸಗಾರರಿಗೆ ಬೆನ್ನುಪಟ್ಟಿ ಹಂಚುವ ರೂಢಿ ಬೆಳೆದಿತ್ತು. ಅಲ್ಲಿನ ಸರ್ಕಾರಿ ಔದ್ಯೋಗಿಕ ಸುರಕ್ಷಾ ಸಂಸ್ಥೆ 160 ಅಂಗಡಿಗಳ ಕೆಲಸಗಾರರನ್ನು ಗಮನಿಸಿ 2000ದಲ್ಲಿ ವರದಿ ಪ್ರಕಟಿಸಿತು. ಪಟ್ಟಿ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ, ಪೆಟ್ಟಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆ ಪಟ್ಟಿಗಳು ಮೆತ್ತನೆಯವು, ದಿನವಿಡೀ ಕಟ್ಟುವಂಥವು. ಒಂದು ಭಾರೀ ಎತ್ತುವಿಕೆಗೆಂದು ಕಟ್ಟುವ ಚರ್ಮದ ಬೆಲ್ಟಿಗೂ ಅವಕ್ಕೂ ನೇರ ಹೋಲಿಕೆ ಸಲ್ಲದು. ಆದರೆ ನಮ್ಮ ಹುಡುಗ ಬೆಲ್ಟನ್ನು ಬಳಸುತ್ತಿದ್ದುದು ಮಾತ್ರ ಆ ಗೋದಾಮಿನ ರೀತಿಯಲ್ಲೇ.

ರಕ್ತದೊತ್ತಡ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. 1985ರಲ್ಲಿ ಕೆನಡಾದ ಸಂಶೋಧಕರು ದೇಹದಾರ್ಢ್ಯ ಪಟುಗಳ ರಕ್ತನಾಳಕ್ಕೇ ನಳಿಕೆ ಹಾಕಿ ಅಳೆದಿದ್ದರು. ಎರಡೂ ಕಾಲಿಂದ ಲೆಗ್ ಪ್ರೆಸ್ ತಳ್ಳುವಾಗ ಒತ್ತಡ ಸರಾಸರಿ 320/250ಕ್ಕೆ ಏರಿತ್ತು. ಅವರು ಆರೋಗ್ಯವಂತ ತರುಣರು, ಏರಿಕೆ ಕೆಲವೇ ಕ್ಷಣದ್ದು. ಭಾರದ ಜೊತೆ ಉಸಿರು ಕಟ್ಟುವುದೂ ಈ ಏರಿಕೆಗೆ ಒಂದು ಕಾರಣ. ಮಾತ್ರೆ ತೆಗೆದುಕೊಳ್ಳುವವರು, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಉಸಿರು ಕಟ್ಟಿ ಬೆಲ್ಟಿಗೆ ಒತ್ತುವ ಸಾಹಸಕ್ಕೆ ಹೋಗಬಾರದು.

ಬೆಲ್ಟಿಗಿಂತ ಸುಲಭವಾಗಿ ಚಟವಾಗುವುದು ಸ್ಟ್ರ್ಯಾಪು. ಮಣಿಕಟ್ಟಿಗೆ ಹಾಕಿ ಬಾರಿಗೆ ಸುತ್ತುವ ಬಟ್ಟೆಯ ಪಟ್ಟಿ ಅದು. ಬೆರಳು ಸೋತರೂ ಭಾರ ಕೈಬಿಡುವುದಿಲ್ಲ. ನನ್ನ ಗೆಳೆಯನೊಬ್ಬ ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದವನು, ವಯಸ್ಸು ನಲವತ್ತು ದಾಟಿದೆ. ಡೆಡ್‌ಲಿಫ್ಟ್‌ನಲ್ಲಿ 130 ಕೆಜಿಯನ್ನು ಮೂರು ಸಲ ಎತ್ತುತ್ತಿದ್ದ, ಆದರೆ 60 ಕೆಜಿಯ ಮೊದಲ ಸೆಟ್ಟಿನಿಂದಲೇ ಸ್ಟ್ರ್ಯಾಪು. ಬಿಚ್ಚಿಸಿದಾಗ 95 ಕೆಜಿಯ ನಾಲ್ಕನೇ ಸಲಕ್ಕೆ ಬಾರು ಅಂಗೈಯಿಂದ ಬೆರಳ ತುದಿಗೆ ಉರುಳಿತು. ಬೆನ್ನು, ತೊಡೆ ಇನ್ನೂ ದಣಿದಿರಲಿಲ್ಲ, ಮುಷ್ಟಿ ಮಾತ್ರ ಬಿಚ್ಚಿಕೊಂಡಿತ್ತು. ಇದೇ ಗುರುತು. ಮುಷ್ಟಿ ಮೊದಲು ಸೋತರೆ ಸ್ಟ್ರ್ಯಾಪಿಗೆ ಅರ್ಥವಿದೆ, ಕಾಲು ಮತ್ತು ಬೆನ್ನು ತಮ್ಮ ಪಾಲಿನ ಕೆಲಸ ಮಾಡಲು ಅದು ಅವಕಾಶ ಕೊಡುತ್ತದೆ. ಬೆನ್ನು ಮೊದಲು ಬಾಗಿದರೆ ಸ್ಟ್ರ್ಯಾಪು ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿದ ಹಾಗೆ. ನಿಲ್ಲಬೇಕಾದ ಕೆಲಸವನ್ನು ನಿಲ್ಲಗೊಡುವುದಿಲ್ಲ.

ಗೆಳೆಯನ ಸ್ಟ್ರ್ಯಾಪನ್ನು ಪೂರ್ತಿ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡಿದ್ದರೆ ತಿಂಗಳುಗಟ್ಟಲೆ 95ರಲ್ಲೇ ನಿಂತು ಅವನ ಕಾಲು, ಬೆನ್ನು ಸುಮ್ಮನೆ ಕಾಯಬೇಕಾಗುತ್ತಿತ್ತು. 60, 80, 90ರ ಸೆಟ್ಟುಗಳು ಬರಿಗೈಯಲ್ಲಿ, ಅದರಾಚೆಯವು ಸ್ಟ್ರ್ಯಾಪಿನಲ್ಲಿ ಎಂದು ಗೆರೆ ಎಳೆದೆವು. ಬರಿಗೈಯ ಕೊನೆಯ ಸೆಟ್ಟಿನ ತುದಿಯಲ್ಲಿ ಬಾರನ್ನು ಕೆಳಗಿಡದೆ 15 ಎಣಿಸುವವರೆಗೆ ಹಿಡಿದು ನಿಲ್ಲಬೇಕು. ಅವನ ಹಿಡಿತದಲ್ಲೂ ಒಂದು ತಪ್ಪಿತ್ತು. ಬಾರನ್ನು ಅಂಗೈ ನಡುವೆ ಇಟ್ಟು ಮುಷ್ಟಿ ಕಟ್ಟುತ್ತಿದ್ದ. ಭಾರ ಬಂದ ಕೂಡಲೇ ಅದು ಹೇಗೂ ಬೆರಳ ಬುಡಕ್ಕೆ ಜಾರುತ್ತದೆ, ಜಾರುವಾಗ ಚರ್ಮವನ್ನೂ ಎಳೆಯುತ್ತದೆ. ಮೊದಲೇ ಬೆರಳ ಬುಡದಲ್ಲಿ ಕೂರಿಸಿದರೆ ಜಾರುವ ಮಾತೇ ಇಲ್ಲ. ಬೆವರುವ ಕೈಗೆ ಚಾಕ್ ಪುಡಿ. ವಾರಕ್ಕೆ ಎರಡು ದಿನದಂತೆ ನಾಲ್ಕನೇ ವಾರಕ್ಕೆ ಬರಿಗೈಯ ಗೆರೆ 100 ಮುಟ್ಟಿತು, ಹತ್ತನೇ ವಾರಕ್ಕೆ 115. ಸ್ಟ್ರ್ಯಾಪು ಈಗಲೂ ಅವನ ಚೀಲದಲ್ಲಿದೆ, ಹೊರಗೆ ಬರುವುದು ಕೊನೆಯ ಎರಡು ಸೆಟ್ಟಿಗೆ.

ಸ್ಪರ್ಧೆಗೆ ಇಳಿಯುವವರಿಗೆ ಈ ಸವಲತ್ತೂ ಇಲ್ಲ. ವೇಟ್‌ಲಿಫ್ಟಿಂಗ್‌ನಲ್ಲಾಗಲೀ ಪವರ್‌ಲಿಫ್ಟಿಂಗ್‌ನಲ್ಲಾಗಲೀ ಸ್ಟ್ರ್ಯಾಪಿಗೆ ಅನುಮತಿಯಿಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದದ್ದು ಸ್ಟ್ರ್ಯಾಪಿಲ್ಲದ ಕೈಯಲ್ಲೇ. ಆ ಕ್ರೀಡೆಯವರ ಹಿಡಿತವೇ ಬೇರೆ: ಹೆಬ್ಬೆರಳನ್ನು ಬಾರಿಗೆ ಸುತ್ತಿ ಅದರ ಮೇಲೆ ಉಳಿದ ಬೆರಳುಗಳನ್ನು ಮುಚ್ಚುತ್ತಾರೆ. ಶುರುವಿನಲ್ಲಿ ಹೆಬ್ಬೆರಳು ಉರಿದುಹೋಗುತ್ತದೆ. ಭಾರವನ್ನು ಭುಜಕ್ಕೆ ಚಿಮ್ಮಿಸುವ ಕ್ಲೀನ್‌ನಲ್ಲಿ ಅಭ್ಯಾಸಕ್ಕೂ ಸ್ಟ್ರ್ಯಾಪು ಸಲ್ಲದು. ಮೊಣಕೈ ತಿರುಗುವ ಹೊತ್ತಿಗೆ ಮಣಿಕಟ್ಟು ಬಾರಿಗೆ ಕಟ್ಟಿಕೊಂಡಿದ್ದರೆ ಬಿಡಿಸಿಕೊಳ್ಳಲಾಗದೆ ಮುರಿಯಬಹುದು.

ರಿಸ್ಟ್ ರ್ಯಾಪಿನ ಕಥೆ ಚಿಕ್ಕದು. ಬೆಂಚ್ ಪ್ರೆಸ್‌ನಲ್ಲಿ ಮಣಿಕಟ್ಟು ಹಿಂದಕ್ಕೆ ಮಡಚಿ ನೋಯುತ್ತದೆ ಎಂದು ಅದನ್ನು ಕೊಳ್ಳುವವರಲ್ಲಿ ಮುಕ್ಕಾಲು ಜನರ ತೊಂದರೆ ಬಾರು ಕೂತ ಜಾಗದ್ದು. ಇಲ್ಲಿ ಡೆಡ್‌ಲಿಫ್ಟ್‌ಗೆ ತದ್ವಿರುದ್ಧ: ಬಾರು ಬೆರಳ ಬುಡದಲ್ಲಲ್ಲ, ಅಂಗೈಯ ಕೆಳತುದಿಯಲ್ಲಿ, ಮುಂಗೈ ಮೂಳೆಯ ನೇರಕ್ಕೆ ಕೂರಬೇಕು. ಅದು ಸರಿಯಾದ ಮೇಲೂ ಭಾರೀ ಸೆಟ್ಟಿನಲ್ಲಿ ಮಣಿಕಟ್ಟು ವಾಲಿದರೆ ರ್ಯಾಪ್ ಸುತ್ತಲಿ, ಕೀಲನ್ನು ಮುಚ್ಚುವಂತೆ ಸುತ್ತಲಿ. ಬಹಳ ಜನ ಕೈಗಡಿಯಾರದ ಹಾಗೆ ಕೀಲಿನ ಕೆಳಗೆ ಕಟ್ಟಿಕೊಳ್ಳುತ್ತಾರೆ, ಅದು ಅಲಂಕಾರ ಅಷ್ಟೆ. ಸೆಟ್ ಮುಗಿದ ಮೇಲೆ ಸಡಿಲಿಸದಿದ್ದರೆ ಬೆರಳು ಜೋಮು ಹಿಡಿಯುತ್ತದೆ.

ಮೊಣಕಾಲಿನ ಸ್ಲೀವು ಇವುಗಳಲ್ಲೆಲ್ಲ ಸಾಧು. ನಿಯೋಪ್ರೀನ್ ಎಂಬ ರಬ್ಬರಿನ ತೋಳು ಅದು, ಸ್ಪರ್ಧೆಯಲ್ಲಿ 7 ಮಿಲಿಮೀಟರ್ ದಪ್ಪದವರೆಗೆ ಸಲ್ಲುತ್ತದೆ. ಕೀಲನ್ನು ಬೆಚ್ಚಗಿಡುತ್ತದೆ, ಮೆಲ್ಲಗೆ ಅಪ್ಪಿ ಹಿಡಿಯುತ್ತದೆ, ಚಳಿಗಾಲದ ಬೆಳಗ್ಗೆ ಮೊದಲ ಸ್ಕ್ವಾಟಿಗೆ ಹಿತವೆನಿಸುತ್ತದೆ. ಬಿಗಿಯಾಗಿ ಸುತ್ತುವ ನೀ ರ್ಯಾಪ್ ಬೇರೆಯೇ ಜಾತಿ, ಅದು ಸ್ಪ್ರಿಂಗಿನಂತೆ ಮೇಲಕ್ಕೆ ತಳ್ಳುತ್ತದೆ. ಸ್ಲೀವು ಊರುಗೋಲಾಗುವುದು ನೋವನ್ನು ಮರೆಮಾಚಲು ಹಾಕಿದಾಗ. ಹಾಕಿದಾಗ ಸ್ಕ್ವಾಟ್ ಸಲೀಸು, ಮನೆಗೆ ಹೋಗಿ ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು, ಮರುದಿನ ಇನ್ನೂ ಹೆಚ್ಚು ಎಂದಾದರೆ ಭಾರ ಇಳಿಸಬೇಕು, ವಾರ ಎರಡು ವಾರದಲ್ಲಿ ಬಗ್ಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಸಣ್ಣ ಮಾತು, ಜಿಮ್ಮಿನ ಎಲ್ಲರ ಪರವಾಗಿ: ಅದನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೆವರು ಕುಡಿದ ನಿಯೋಪ್ರೀನಿನ ವಾಸನೆ ಚೀಲ ತೆರೆಯುವ ಮೊದಲೇ ಹೊರಗೆ ಬರುತ್ತದೆ.